ಥಿಮ್ಮನ್ನನ ಮಗಳು ಸುಮಥಿ

ಪಕ್ಕದ ಮನೆ ತಿಮ್ಮಣ್ಣನವರ ಮಗಳು ಸುಮತಿ ಹುಟ್ಟಿದ್ದು ಜನವರಿ 2ರಂದು. ಹಿಂದೆಲ್ಲಾ ಇದು ಭಾರೀ ಅಪರಾಧ. ಜನವರಿ 1ಕ್ಕೆ ಹದಿನೆಂಟು ತುಂಬಿದವರು ಮತದಾರರ ಪಟ್ಟಿ ಸೇರಿ ದೇಶದ ಭವಿಷ್ಯ ಬರೆಯಬಹುದಿತ್ತು. ಒಂದು ದಿನ ತಡವಾಗಿ ಹುಟ್ಟಿದವರು ಮುಂದಿನ ಜನವರಿವರೆಗೆ ಮಕ್ಕಳಾಗಿಯೇ ಇರಬೇಕಿತ್ತು. 2022ರಲ್ಲಿ ನಿಯಮ ಬದಲಾಯಿತು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕು, ಹೀಗೆ ವರ್ಷಕ್ಕೆ ನಾಲ್ಕು ಬಾರಿ ಬುದ್ಧಿ ಬರುತ್ತದೆ. ಹದಿನೇಳು ದಾಟಿದ್ದರೆ ಮುಂಗಡವಾಗಿಯೂ ಅರ್ಜಿ ಹಾಕಬಹುದು. ಹಾಗಾಗಿ ಸುಮತಿಗೆ ಬುದ್ಧಿ ಬರಲು ಏಪ್ರಿಲ್‌ವರೆಗೆ ಕಾದರೆ ಸಾಕಾಯಿತು.

ಹುಡುಗಿ voters.eci.gov.in ತೆರೆದು, ಪಟ್ಟಿಗೆ ಹೆಸರು ಸೇರಿಸುವ ನಮೂನೆ 6 ತುಂಬಲು ಕೂತಳು. ಮೊಬೈಲ್ ನಂಬರ್, ಕ್ಯಾಪ್ಚಾ, ಒಟಿಪಿ ಎಲ್ಲಾ ಆಯಿತು. ಅದೆಲ್ಲ ಮಾಮೂಲಿ ಬಿಡಿ, ಗ್ಯಾಸ್ ಬುಕ್ ಮಾಡಲೂ ಈಗ ಅಷ್ಟು ಕಸರತ್ತು ಬೇಕು. ಮಜಾ ಶುರುವಾಗುವುದು ಹೆಸರಿನ ಜಾಗದಲ್ಲಿ. ಅಲ್ಲಿ ಎರಡು ಡಬ್ಬಿಗಳಿವೆ, ಒಂದು ಇಂಗ್ಲಿಷಿಗೆ, ಇನ್ನೊಂದು ಕನ್ನಡಕ್ಕೆ. ಕನ್ನಡದ ಹುಡುಗಿ ಕನ್ನಡದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುತ್ತಾಳೆ. ಅದನ್ನು ಯಂತ್ರ ತನಗೆ ತೋಚಿದ ಹಾಗೆ ಮತ್ತೆ ಕನ್ನಡಕ್ಕೆ ತಂದು ಪಕ್ಕದ ಡಬ್ಬಿಯಲ್ಲಿ ಇಡುತ್ತದೆ.

ಇವಳು Sumathi ಅಂತ ಬರೆದಳು. ಯಂತ್ರ "ಸುಮಥಿ" ಅಂದಿತು. ಅಪ್ಪನ ಹೆಸರು Thimmanna. ಯಂತ್ರ ಒಂಚೂರೂ ನಾಚಿಕೆಯಿಲ್ಲದೆ "ಥಿಮ್ಮನ್ನ" ಅಂದಿತು. ಕೇಳಿದರೆ ಯಾವುದೋ ಹೋಟೆಲಿನ ರೈಸ್ ಐಟಂ ಇದ್ದ ಹಾಗಿದೆ, ಅಲ್ವಾ?

ಆ ಕನ್ನಡದ ಡಬ್ಬಿಯನ್ನು ಮುಟ್ಟಿ, ಅಳಿಸಿ, ಸರಿಯಾಗಿ ಬರೆಯಬಹುದು. ಆದರೆ ಅದನ್ನು ಯಾರು ನೋಡುತ್ತಾರೆ? ಆ ಹೊತ್ತಿಗೆ ಎಲ್ಲರ ಜೀವವೂ ಫೋಟೊ ಅಪ್‌ಲೋಡ್ ಆಗುತ್ತೋ ಇಲ್ಲವೋ ಅನ್ನುವುದರಲ್ಲೇ ಇರುತ್ತದೆ. ಕೊನೆಗೆ ಒಂದು ಘೋಷಣೆ ಬೇರೆ: ಸುಳ್ಳು ಹೇಳಿದರೆ ಒಂದು ವರ್ಷದವರೆಗೆ ಜೈಲು ಆಗಬಹುದು. ಇದು ಅರ್ಜಿ ಹಾಕಿದವರಿಗೆ ಮಾತ್ರ. ಅಪ್ಪನ ಹೆಸರನ್ನೇ ಬದಲಾಯಿಸಿದ ಯಂತ್ರಕ್ಕೆ ಯಾವ ಸೆಕ್ಷನ್ನೂ ಇಲ್ಲ.

ಸರಿ, ಅರ್ಜಿ ಮಂಜೂರಾಯಿತು, ಕಾರ್ಡೂ ಬಂತು. ಥಿಮ್ಮನ್ನನ ಮಗಳು ಸುಮಥಿ ಭಾರತದ ಮತದಾರಳಾದಳು. ತಿಮ್ಮಣ್ಣನವರ ಮಗಳು ಸುಮತಿ ಮಾತ್ರ ಎಲ್ಲಿದ್ದಳೋ ಅಲ್ಲೇ ಉಳಿದಳು.

ತಿದ್ದುಪಡಿಗೆ ನಮೂನೆ 8 ಇದೆ. ವಿಳಾಸ ಬದಲಾವಣೆ, ವಿವರಗಳ ತಿದ್ದುಪಡಿ, ಹೊಸ ಕಾರ್ಡ್, ಅಂಗವೈಕಲ್ಯದ ನಮೂದು, ಎಲ್ಲಕ್ಕೂ ಅದೊಂದೇ. ಕಾರ್ಡಿನ ಎಪಿಕ್ ನಂಬರ್ ಹಾಕಿ, ತಿದ್ದುಪಡಿ ಅನ್ನುವುದನ್ನು ಆರಿಸಿ, ಯಾವ್ಯಾವುದು ತಪ್ಪೋ ಅದಕ್ಕೆ ಟಿಕ್ ಹಾಕಬೇಕು. ಸುಮತಿ ತನ್ನ ಹೆಸರಿಗೂ ಅಪ್ಪನ ಹೆಸರಿಗೂ ಟಿಕ್ ಹಾಕಿದಳು. ತಮಾಷೆ ಏನೆಂದರೆ, ಇಂಗ್ಲಿಷಿನಲ್ಲಿ ತಪ್ಪೇ ಇಲ್ಲ. Thimmanna ಇದ್ದದ್ದನ್ನು Thimmanna ಮಾಡಿಕೊಡಿ ಎಂದು ಅರ್ಜಿ. ಡಬ್ಬಿಯಲ್ಲಿ ಮತ್ತೆ Thimmanna ಬರೆದ ಕೂಡಲೇ ಯಂತ್ರ ನಿಷ್ಠೆಯಿಂದ ಮತ್ತೆ "ಥಿಮ್ಮನ್ನ" ತಂದಿಟ್ಟಿತು. ಈ ಸಲ ಹುಡುಗಿ ಅದನ್ನು ಕೈಯಾರೆ ಅಳಿಸಿದಳು.

ಪ್ರತಿ ತಿದ್ದುಪಡಿಗೂ ದಾಖಲೆ ಬೇಕು. ಪ್ಯಾನ್ ಕಾರ್ಡಿನಲ್ಲಿ ಕನ್ನಡವೇ ಇಲ್ಲ. ಆಧಾರ್‌ನಲ್ಲಿ ಇವಳ ಹೆಸರು ಕನ್ನಡದಲ್ಲಿ ಸರಿಯಾಗಿದೆ, ಅಪ್ಪನ ಹೆಸರು "ತಿಮ್ಮನ" ಆಗಿದೆ. ಪರಿಶೀಲನೆಗೆ ಮನೆಗೆ ಬಂದ ಬಿಎಲ್‌ಒ ಮೇಡಂ ಅಂಗನವಾಡಿ ಟೀಚರ್. ಪಾಪ, ಮಕ್ಕಳನ್ನೂ ನೋಡಬೇಕು, ಮತದಾರರನ್ನೂ ನೋಡಬೇಕು. ಅವರು ಸುಲಭದ ದಾರಿ ಹೇಳಿದರು:

"ನಿಮ್ಮಪ್ಪನ ವೋಟರ್ ಕಾರ್ಡೇ ಕೊಡಮ್ಮ. ಅದಕ್ಕಿಂತ ಸಾಕ್ಷಿ ಬೇಕಾ?"

ತಿಮ್ಮಣ್ಣನವರು ಬೀರುವಿನಿಂದ ಕಾರ್ಡ್ ತಂದುಕೊಟ್ಟರು. ಅದರಲ್ಲಿ "ಚಿಮ್ಮಣ್ಣ" ಎಂದಿತ್ತು.

ಮೇಡಂ ನಗು ತಡೆದುಕೊಂಡು, "ಮೊದಲು ನೀವೊಂದು ನಮೂನೆ 8 ಹಾಕಿಬಿಡಿ ಅಣ್ಣಾ, ಆಮೇಲೆ ಮಗಳದ್ದು" ಎಂದರು. ಅಂದರೆ ಸುಮತಿಯ ಅಪ್ಪ ತಿಮ್ಮಣ್ಣ ಎಂದು ಸಾಬೀತಾಗಬೇಕಾದರೆ, ಮೊದಲು ತಿಮ್ಮಣ್ಣನವರೇ ತಿಮ್ಮಣ್ಣ ಎಂದು ಸಾಬೀತಾಗಬೇಕು.

ಸುಮತಿಯ ಹೆಸರೇನೋ ಆಧಾರ್ ನೋಡಿ ಸರಿಹೋಯಿತು. ಸರಿಹೋದ ರೀತಿಯನ್ನೂ ಕೇಳಿ. ಮತದಾರರ ಪಟ್ಟಿಯ ಪಿಡಿಎಫ್ ತೆರೆದರೆ ಮೊದಲಿದ್ದ ಜಾಗದಲ್ಲಿ ಇನ್ನೂ ಸುಮಥಿಯೇ ಇದ್ದಾಳೆ, ಕ್ರಮ ಸಂಖ್ಯೆಗೆ ಒಂದು # ಗುರುತು ಅಂಟಿದೆ ಅಷ್ಟೇ. ಸರಿಯಾದ ಸುಮತಿ ಕೊನೆಯಲ್ಲಿ, ಪೂರಕ ಪಟ್ಟಿಯಲ್ಲಿ ಕೂತಿದ್ದಾಳೆ. ತಪ್ಪಿಗೆ ಮುಂದಿನ ಸಾಲು, ತಿದ್ದಿದ್ದಕ್ಕೆ ಹಿಂದಿನ ಬೆಂಚು. ಪಟ್ಟಿಗಳನ್ನು ಒಟ್ಟುಗೂಡಿಸಿ ಹೊಸದಾಗಿ ಅಚ್ಚು ಹಾಕುವವರೆಗೂ ಹೀಗೇ.

ತಿಮ್ಮಣ್ಣನವರಿಗೂ ಅರ್ಜಿ ಹಾಕೋಣ ಎಂದು ನಾನು ಫೋನ್ ಕೈಗೆತ್ತಿಕೊಂಡೆ. ಅವರು ಬೇಡವೇ ಬೇಡ ಅಂದುಬಿಟ್ಟರು. ಅವರ ವಾದದಲ್ಲೂ ಹುರುಳಿದೆ. ಆಳು ಇವರೇ ಎಂದು ಗುರುತು ಸಿಕ್ಕರೆ, ಕಾರ್ಡಿನ ಸಣ್ಣಪುಟ್ಟ ಕಾಗುಣಿತದ ತಪ್ಪಿಗಾಗಿ ಮತಗಟ್ಟೆಯಲ್ಲಿ ವಾಪಸ್ ಕಳಿಸಬಾರದು ಎಂದು ಚುನಾವಣಾ ಆಯೋಗವೇ ಹೇಳುತ್ತದೆ.

"ಚಿಮ್ಮಣ್ಣ ಅಂತಲೇ ಇಷ್ಟು ವರ್ಷ ವೋಟು ಹಾಕಿದ್ದೀನಿ ಸ್ವಾಮಿ, ಯಾರೂ ಕೇಳಿಲ್ಲ. ಈಗ ಸುಮ್ನೆ ತಿದ್ದೋಕೆ ಹೋಗಿ, ಆ ಮಿಷನ್ನು ನನ್ನ ಥಿಮ್ಮಕ್ಕ ಮಾಡಿದರೆ?"