ವಿಷಯ: ಒಂದು ಬೆಳಗಿನ ಮಟ್ಟಿಗೆ

ನಾವು ಶಾಲೆಯಲ್ಲಿ ಕಲಿತದ್ದು ಒಂದೇ ಥರದ ಪತ್ರ. ಇಂದ, ಗೆ, ಮಾನ್ಯರೇ, ವಿಷಯ: ಎರಡು ದಿನ ರಜೆ ಕೋರಿ. ಆಮೇಲೆ ಬ್ಯಾಂಕಿಗೆ, ಪಂಚಾಯ್ತಿಗೆ, ಹೆಣ್ಣಿನ ಮನೆಯವರಿಗೆ ಏನು ಬರೆದರೂ ಒಳಗಿನಿಂದ ಆ ರಜಾ ಅರ್ಜಿಯೇ ಇಣುಕುತ್ತದೆ. ಹಾಗಾಗಿ ಮೈಸೂರಿನ ನಮ್ಮ ಅಗ್ರಹಾರದ ಕಾಫಿಪುಡಿ ಅಂಗಡಿಯೊಳಗೆ ನನ್ನ ಯೂಟ್ಯೂಬ್ ಚಾನೆಲ್ಲಿಗಾಗಿ ವಿಡಿಯೊ ತೆಗೆಯಲು ಅನುಮತಿ ಕೇಳಿದ ಮೊದಲ ಇಮೇಲಿನ ಶಿರೋನಾಮೆ ‘ಶೂಟಿಂಗ್ ಅನುಮತಿ ಕೋರಿ’ ಎಂದೇ ಇತ್ತು.

ಅದು ಹೋದ ವೇಗದಲ್ಲೇ ವಾಪಸು ಬಂತು. ಅಂಗಡಿಯ ಬೋರ್ಡು ಬರೆದ ಪೇಂಟರ್ ಇಮೇಲ್ ವಿಳಾಸದ ಚುಕ್ಕೆಗೆ ಚಂದಕ್ಕಿರಲಿ ಎಂದು ಅಡ್ಡ ಬಾಲ ಎಳೆದಿದ್ದ. ಅದನ್ನು ಅಡ್ಡಗೆರೆ ಎಂದುಕೊಂಡು ಹಾಗೇ ಹೊಡೆದಿದ್ದೆ. ಪುಡಿ ಕೊಂಡ ಬಿಲ್ಲಿನಲ್ಲಿ ಸರಿಯಾದ ವಿಳಾಸ ಸಿಕ್ಕಿತು. ಮತ್ತೆ ಕಳಿಸಿ ಒಂಬತ್ತು ದಿನ ಕಾದೆ.

ಹತ್ತನೆಯ ದಿನ ಅರ್ಧ ಕೇಜಿ ಪುಡಿಯ ನೆಪ ಮಾಡಿಕೊಂಡು ಹೋದೆ. ಗಲ್ಲಾದಲ್ಲಿ ಯಜಮಾನರು, ಅವರ ಹಿಂದೆ ಕಂಪ್ಯೂಟರಿನ ಮುಂದೆ ಸೊಸೆ. ಲೆಕ್ಕ, ಜಿಎಸ್‌ಟಿ, ಇಮೇಲು ಎಲ್ಲ ಅವರದೇ. “ಬಂದಿದೆ ಸಾರ್, ಮಾವನವರಿಗೆ ಓದಿ ಹೇಳಿದೆ. ಯಾರೋ ಸಿನಿಮಾದವರು, ಬೇಡ ಅಂದ್ರು” ಎಂದರು. ಯಜಮಾನರ ಕಣ್ಣಿಗೆ ಬಾಗಿಲಲ್ಲಿ ನಿಂತ ಜನರೇಟರ್ ವ್ಯಾನೂ ಕೊಡೆ ಹಿಡಿಸಿಕೊಂಡ ನಾಯಕಿಯೂ ಬಂದಿರಬೇಕು. ನನ್ನ ಹತ್ತಿರ ಇದ್ದದ್ದು ಒಂದು ಫೋನು, ಒಂದು ಸ್ಟ್ಯಾಂಡು, ಅಂಗಿಯ ಕಾಲರಿಗೆ ಸಿಕ್ಕಿಸುವ ಮೈಕು.

ಮನೆಗೆ ಬಂದು ಆ ಪತ್ರವನ್ನು ಮತ್ತೆ ಓದಿದೆ. ನನ್ನ ಚಾನೆಲ್ಲಿನ ವಯಸ್ಸು, ಚಂದಾದಾರರ ಸಂಖ್ಯೆ, ಹಳೆಯ ಕಸುಬುಗಳ ಮೇಲೆ ನನಗಿರುವ ಒಲವು, ಈ ವಿಡಿಯೊದಿಂದ ಅವರಿಗಾಗಬಹುದಾದ ಪ್ರಚಾರ. ಅರವತ್ತು ವರ್ಷದಿಂದ ವಾಸನೆಯಿಂದಲೇ ಬೀದಿಯ ಆ ತುದಿಯವರೆಗೆ ಪ್ರಚಾರ ಪಡೆದ ಅಂಗಡಿ ಅದು! ಎಷ್ಟು ಜನ ಬರುತ್ತೇವೆ, ಎಷ್ಟು ಹೊತ್ತು ಇರುತ್ತೇನೆ, ಎಲ್ಲಿ ನಿಲ್ಲುತ್ತೇನೆ, ಒಂದೂ ಇರಲಿಲ್ಲ.

ಎರಡನೆಯದನ್ನು ಬರೆಯುವ ಮೊದಲು ಇನ್ನೊಮ್ಮೆ ಹೋಗಿ, ಬರಿಗೈಯಲ್ಲಿ ಸುಮ್ಮನೆ ನಿಂತು ನೋಡಿದೆ. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಹುರಿಯುತ್ತಾರೆ. ಹಸಿರು ಬೀಜ ಡ್ರಮ್ಮಿಗೆ ಬಿದ್ದು ಹಳದಿಗೆ, ಆಮೇಲೆ ಕಂದಿಗೆ ತಿರುಗಿ, ಒಳಗಿನ ಕಾವು ಸುಮಾರು 200 ಡಿಗ್ರಿಗೆ ಬಂದಾಗ ಚಟಪಟ ಸಿಡಿಯತೊಡಗುತ್ತದೆ. ಹುರಿಯುವಾತ ಕಿವಿ ಕೊಡುವುದು ಆ ಸದ್ದಿಗೆ. ಅದಾದ ಮೇಲೆ ಕೆಲವೇ ನಿಮಿಷ. ಯಾವ ಗಳಿಗೆಯಲ್ಲಿ ಬಾಗಿಲು ತೆಗೆದು ಬೀಜವನ್ನು ತಟ್ಟೆಗೆ ಸುರಿಯಬೇಕು ಎಂಬುದರಲ್ಲೇ ಆ ಅಂಗಡಿಯ ರುಚಿ ಇದೆ. ಅಲ್ಲಿ ಹೋಗಿ “ಸ್ವಲ್ಪ ನಿಲ್ಲಿ, ಇನ್ನೊಂದು ಸಲ ಸುರೀತೀರಾ?” ಎಂದು ಕೇಳಿದರೆ ಸಿಗುವುದು ಇದ್ದಿಲು.

ಹೊರಡುವಾಗ ಸೊಸೆ ಮೆಲ್ಲಗೆ ಕೇಳಿದರು: “ವಿಡಿಯೊದಲ್ಲಿ ತಕ್ಕಡಿ ತೆಗೀತೀರಾ?”

ಚಿಕೋರಿಯ ಗುಟ್ಟಿರಬೇಕು ಎಂದುಕೊಂಡೆ. ಅಲ್ಲ. ಮಿಶ್ರಣದಲ್ಲಿ ಕಾಫಿ ನೂರಕ್ಕೆ 51 ಪಾಲಿಗಿಂತ ಕಡಿಮೆ ಇರುವಂತಿಲ್ಲ, ಎಷ್ಟಿದೆ ಎಂದು ಪೊಟ್ಟಣದ ಮೇಲೆ ಹಾಕಲೇಬೇಕು. ಅದನ್ನು ಬೀದಿಯಲ್ಲಿ ಯಾರು ಬೇಕಾದರೂ ಓದಬಹುದು. ಗುಟ್ಟಿರುವುದು ಆ ಕಾಫಿಯ ಒಳಗೆ, ಬೀಜದ ಬಗೆಗಳಲ್ಲಿ ಪೀಬೆರಿ ಎಷ್ಟು, ಪ್ಲಾಂಟೇಶನ್ ಎ ಎಷ್ಟು, ರೊಬಸ್ಟಾ ಎಷ್ಟು ಎಂಬುದರಲ್ಲಿ. ತಕ್ಕಡಿಯ ಕೆಂಪು ಅಂಕಿಗಳನ್ನು ಮೂರು ಸಲ ನಿಲ್ಲಿಸಿ ನೋಡಿದರೆ ಎದುರು ಬೀದಿಯವನಿಗೆ ಅದು ಗೊತ್ತಾಗುತ್ತದೆ. ಚೀಲಗಳ ಮೇಲಿನ ಗುರುತೂ ಹಾಗೇ. ಯಾವ ತೋಟದ ಬೀಜ ಎಂದು ಹೇಳಿಬಿಡುತ್ತದೆ. ಇನ್ನು ಗೋಡೆಗೆ ನೇತು ಹಾಕಿದ ಉದ್ರಿ ಪುಸ್ತಕ. ಅದರಲ್ಲಿ ನಮ್ಮ ಬೀದಿಯ ಗಣ್ಯರೆಲ್ಲ ಇದ್ದಾರೆ, ನಾನೂ ಇದ್ದೇನೆ.

ಎರಡನೆಯ ಇಮೇಲು ಹೀಗಿತ್ತು:

“ವಿಷಯ: ಒಂದು ಬೆಳಿಗ್ಗೆ ನಿಮ್ಮಲ್ಲಿ ಬೀಜ ಹುರಿಯುವುದನ್ನು ಫೋನಿನಲ್ಲಿ ಚಿತ್ರಿಸುವ ಬಗ್ಗೆ.

ಯಜಮಾನರಿಗೆ ನಮಸ್ಕಾರ. ನಾನು ಮೂರನೇ ಕ್ರಾಸಿನವನು, ವಾರಕ್ಕೆ ಅರ್ಧ ಕೇಜಿಯ ಗಿರಾಕಿ. ಒಬ್ಬನೇ ಬರುತ್ತೇನೆ, ಎರಡು ಗಂಟೆ ಸಾಕು. ದೀಪ, ವೈರು ಇರುವುದಿಲ್ಲ. ಕಿಟಕಿಯ ಪಕ್ಕ ನಿಲ್ಲುತ್ತೇನೆ, ನನಗಾಗಿ ಯಾರೂ ಕೆಲಸ ನಿಲ್ಲಿಸಬೇಕಿಲ್ಲ, ಮತ್ತೆ ಮಾಡಿ ತೋರಿಸಬೇಕಿಲ್ಲ. ತಕ್ಕಡಿ, ಚೀಲದ ಗುರುತು, ಉದ್ರಿ ಪುಸ್ತಕ, ಗಿರಾಕಿಗಳ ಮುಖ ತೆಗೆಯುವುದಿಲ್ಲ. ಹುರಿಯುವವರನ್ನು ಅವರು ಒಪ್ಪಿದರೆ ಮಾತ್ರ ತೆಗೆಯುತ್ತೇನೆ. ವಿಡಿಯೊದಲ್ಲಿ ಜಾಹೀರಾತು ಬಂದು ನನಗೆ ಸ್ವಲ್ಪ ಹಣ ಬರಬಹುದು. ನಿಮ್ಮಿಂದ ಏನೂ ಕೇಳುವುದಿಲ್ಲ. ಹಾಕುವ ಮೂರು ದಿನ ಮೊದಲು ನಿಮಗೆ ಕಳಿಸುತ್ತೇನೆ, ವ್ಯಾಪಾರಕ್ಕೆ ತೊಂದರೆಯಾಗುವ ದೃಶ್ಯವಿದ್ದರೆ ಕತ್ತರಿಸಿ ಹಾಕುತ್ತೇನೆ. ಒಪ್ಪಿಗೆಯಿದ್ದರೆ ಇದಕ್ಕೇ ಉತ್ತರವಾಗಿ ‘ಆಗಬಹುದು’ ಎಂದರೆ ಸಾಕು.”

ಕೊನೆಯಲ್ಲಿ ಮೊದಲು ಬರೆದಿದ್ದದ್ದು ‘ನೀವು ಒಪ್ಪಿದ ಮೇಲೆಯೇ ಹಾಕುತ್ತೇನೆ’ ಎಂದು. ವಿನಯವಾಗಿ ಕೇಳಿಸುತ್ತದೆ, ಆದರೆ ಊರಿನಿಂದ ಬಂದ ಅಳಿಯನಿಗೆ ಹಿನ್ನೆಲೆ ಸಂಗೀತ ಹಿಡಿಸದಿದ್ದರೆ ಎರಡು ವಾರದ ಕೆಲಸ ಮೂಲೆಗೆ. ಅದಕ್ಕೇ ‘ವ್ಯಾಪಾರಕ್ಕೆ ತೊಂದರೆಯಾಗುವ ದೃಶ್ಯ’ ಎಂದು ಬೇಲಿ ಹಾಕಿದೆ. ಮೂರು ದಿನ ಮೊದಲೇ ತೋರಿಸುವುದಕ್ಕೂ ಕಾರಣವುಂಟು. ಯೂಟ್ಯೂಬಿನಲ್ಲಿ ಒಮ್ಮೆ ಏರಿಸಿದ ಮೇಲೆ ಒಂದು ತುಣುಕು ಕತ್ತರಿಸಬಹುದು, ಮುಖ ಮಸುಕು ಮಾಡಬಹುದು. ತಿದ್ದಿದ ಹೊಸ ವಿಡಿಯೊವನ್ನು ಅದೇ ಕೊಂಡಿಯಲ್ಲಿ ಕೂರಿಸುವ ಹಾಗಿಲ್ಲ. ಅಳಿಸಿ ಮತ್ತೆ ಹಾಕಿದರೆ ಅಷ್ಟು ದಿನ ನೋಡಿದವರ ಲೆಕ್ಕವೂ ಬರೆದ ಮಾತುಗಳೂ ಹೋದವು. ಅನುಮತಿ ಬಾಯಿಮಾತಲ್ಲಿ ಬೇಡ ಎಂದದ್ದು ಅಪನಂಬಿಕೆಯಿಂದಲ್ಲ. ಗಲ್ಲಾದ ಮುಂದೆ ನಿಂತು ಕೇಳಿದರೆ ನಮ್ಮವರು ದಾಕ್ಷಿಣ್ಯಕ್ಕೆ ಹೂಂ ಎಂದುಬಿಡುತ್ತಾರೆ. ಇಮೇಲಿಗೆ ದಾಕ್ಷಿಣ್ಯವಿಲ್ಲ, ರಾತ್ರಿ ಊಟವಾದ ಮೇಲೆ ಕೂತು ಬೇಡ ಎನ್ನಬಹುದು.

ಮಾರನೆಯ ದಿನವೇ ಉತ್ತರ ಬಂತು. “ಆಗಬಹುದು. ಶುಕ್ರವಾರ ಏಳಕ್ಕೆ ಬನ್ನಿ. ಹತ್ತೂವರೆಗೆ ರಾಹುಕಾಲ, ಅದರೊಳಗೆ ಮುಗಿಸಿ ಅಂತ ಮಾವನವರು ಹೇಳಿದ್ದಾರೆ.”

ಏಳಕ್ಕೆ ಐದು ನಿಮಿಷ ಮೊದಲೇ ಹೋದೆ. ಹುರಿಯುವಾತ ತಲೆ ಬಾಚಿಕೊಂಡು ನಿಂತಿದ್ದ. ತಕ್ಕಡಿಗೆ ಯಾರೋ ಟವೆಲ್ ಹೊದಿಸಿದ್ದರು. ಉದ್ರಿ ಪುಸ್ತಕದ ಮೊಳೆಗೆ ದೇವರ ಕ್ಯಾಲೆಂಡರ್ ಬಂದಿತ್ತು. ಬೀಜ ಡ್ರಮ್ಮಿಗೆ ಬಿತ್ತು, ಹಸಿರು ಹಳದಿಯಾಯಿತು, ನಾನು ಮೈಕನ್ನು ಡ್ರಮ್ಮಿನ ಹತ್ತಿರಕ್ಕೆ ಹಿಡಿದು ಉಸಿರು ಬಿಗಿಹಿಡಿದೆ. ಸರಿಯಾಗಿ ಬೀಜ ಸಿಡಿಯುವ ಹೊತ್ತಿಗೆ ಬೀರುವಿನ ಮೇಲಿದ್ದ ರೇಡಿಯೊದಲ್ಲಿ ಒಂದು ಹಳೆಯ ಚಿತ್ರಗೀತೆಯ ಪಲ್ಲವಿ ಎದ್ದಿತು.

ಸಂಜೆ ವಿಡಿಯೊವನ್ನು ಯಾರಿಗೂ ಕಾಣದ ಹಾಗೆ ಯೂಟ್ಯೂಬಿಗೆ ಏರಿಸಿ ಪರೀಕ್ಷಿಸಿದಾಗ ಅದರ ಯಂತ್ರ ಹಾಡನ್ನು ಹಿಡಿಯಿತು. ಹಕ್ಕು ಬೇರೆಯವರದು ಎಂದಿತು. ಆ ಭಾಗದ ಸದ್ದು ಅಡಗಿಸಿದರೆ ಹಾಡಿನ ಜೊತೆಗೆ ಚಟಪಟವೂ ಹೋಯಿತು. ನಾನು ಅಲ್ಲಿಗೆ ಹೋಗಿದ್ದೇ ಅದಕ್ಕೆ.

ಶನಿವಾರ ಪೆಚ್ಚುಮೋರೆ ಹಾಕಿಕೊಂಡು ಅಂಗಡಿಗೆ ಹೋಗಿ ವಿಷಯ ತಿಳಿಸಿದೆ. ಯಜಮಾನರು ಕನ್ನಡಕ ಏರಿಸಿ ಸೊಸೆಯ ಕಡೆ ನೋಡಿದರು. ಸೊಸೆ ಕಂಪ್ಯೂಟರಿನಲ್ಲಿ ನನ್ನ ಇಮೇಲ್ ತೆಗೆದು ಮೇಲಿಂದ ಕೆಳಗಿನವರೆಗೆ ಓದಿದರು.

“ರೇಡಿಯೊ ಆಫ್ ಮಾಡಿ ಅಂತ ಇದರಲ್ಲಿ ಬರೆದೇ ಇಲ್ವಲ್ಲ ಸಾರ್.”

“ಅದನ್ನೂ ಸೇರಿಸಿ ಬರೆದು ಹಾಕಲಿ ಬಿಡಮ್ಮ” ಎಂದರು ಯಜಮಾನರು, ಅರ್ಧ ಕೇಜಿ ತೂಗುತ್ತಾ. “ಮಂಗಳವಾರ ಹುರೀತೀವಲ್ಲ.”