‘ನಿನ್ನೆಯೇ ಕಳಿಸಿದ್ದೆ’ ಅನ್ನೋದನ್ನ ಇಂಗ್ಲಿಷಿನಲ್ಲಿ ಬರೆಯೋದು ಹೇಗೆ?

ನಮ್ಮ ತಂಡಕ್ಕೆ ಆರು ತಿಂಗಳ ಹಿಂದೆ ಚಳ್ಳಕೆರೆ ಕಡೆಯ ಹುಡುಗನೊಬ್ಬ ಸೇರಿದ. ಕೆಲಸದಲ್ಲಿ ಬಹಳ ಚುರುಕು. ತಿಂಗಳಿಗೊಮ್ಮೆ ಸಿಯಾಟಲ್‌ನಲ್ಲಿರುವ ಸಹೋದ್ಯೋಗಿಗೆ ಪಾವತಿಗಳ ಫೈಲ್ ಕಳಿಸುವುದು ಅವನ ಜವಾಬ್ದಾರಿ. ಹೋದ ತಿಂಗಳು ಮಂಗಳವಾರ ಕೊಡಬೇಕಿದ್ದ ಫೈಲನ್ನು ಸೋಮವಾರವೇ ಕಳಿಸಿದ್ದ. ಆದರೂ ಮಂಗಳವಾರ ‘ಫೈಲ್ ಎಲ್ಲಿ?’ ಅಂತ ಅಲ್ಲಿಂದ ಮೇಲ್ ಬಂತು. ಅವನು ಉತ್ತರ ಬರೆದ. ಮೂರೇ ವಾಕ್ಯ.

‘ಐ ಹ್ಯಾಡ್ ಸೆಂಟ್ ದಿ ಫೈಲ್ ಯೆಸ್ಟರ್ಡೇ ಓನ್ಲಿ. ಸರ್ವರ್ ವಾಸ್ ಡೌನ್ ಇಟ್ ಸೀಮ್ಸ್. ಐ ಹ್ಯಾವ್ ಎ ಡೌಟ್ ಇನ್ ಟ್ಯಾಕ್ಸ್ ಕಾಲಮ್.’

ಇದನ್ನು ಓದಿದಾಗ ನಿಮ್ಮ ಕಿವಿಗೆ ಏನೂ ತಪ್ಪು ಅನ್ನಿಸಲಿಕ್ಕಿಲ್ಲ. ನನಗೂ ಅನ್ನಿಸಿರಲಿಲ್ಲ, ಸಿಸಿಯಲ್ಲಿ ನಾನೂ ಇದ್ದೆ. ‘ಫೈಲನ್ನು ನಿನ್ನೆಯೇ ಕಳಿಸಿದ್ದೆ. ಸರ್ವರ್ ಡೌನ್ ಆಗಿತ್ತಂತೆ. ಟ್ಯಾಕ್ಸ್ ಕಾಲಮ್ಮಿನಲ್ಲಿ ಒಂದು ಡೌಟ್ ಇದೆ.’ ಕನ್ನಡದಲ್ಲಿ ಎಷ್ಟು ಸ್ಪಷ್ಟವಾಗಿದೆ ನೋಡಿ. ಬುಧವಾರ ಬೆಳಿಗ್ಗೆ ನಾವು ಮೇಲ್ ತೆರೆದರೆ, ಸಿಯಾಟಲ್‌ನವರು ಪಾವತಿಯನ್ನೇ ನಿಲ್ಲಿಸಿದ್ದರು. ತೆರಿಗೆ ಲೆಕ್ಕ ಸರಿಯಿಲ್ಲ ಅಂತ ನೀವೇ ಹೇಳುತ್ತಿದ್ದೀರಿ, ಕಳಿಸಿದ ಫೈಲನ್ನು ವಾಪಸ್ ತೆಗೆದುಕೊಂಡಿದ್ದೀರಾ, ಹೋದ ವಾರವೇ ಮುಗಿದ ಕೆಲಸವನ್ನು ನಿನ್ನೆಯವರೆಗೆ ಯಾಕೆ ಇಟ್ಟುಕೊಂಡಿರಿ ಅಂತೆಲ್ಲ ಕೇಳಿದ್ದರು.

ಹುಡುಗ ಕಂಗಾಲಾಗಿ ನನ್ನ ಹತ್ತಿರ ಬಂದ. “ಮೇಡಂ, ನಾನು ಇದ್ಯಾವುದನ್ನೂ ಹೇಳೇ ಇಲ್ಲ!”

ನಿಜ, ಹೇಳಿರಲಿಲ್ಲ. ಆದರೆ ಬರೆದಿದ್ದ. ಆವತ್ತು ಇಬ್ಬರೂ ಕೂತು ಆ ಮೂರು ವಾಕ್ಯಗಳನ್ನು ಒಂದೊಂದಾಗಿ ಬಿಡಿಸಿದೆವು. ನನಗೆ ಆಗ ಹೊಳೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ನಮ್ಮವರ ಇಂಗ್ಲಿಷ್ ಬಗ್ಗೆ ಮಾತು ಬಂದಾಗಲೆಲ್ಲ ಸ್ಪೆಲಿಂಗ್, ಗ್ರಾಮರ್, ಉಚ್ಚಾರಣೆ ಅಂತ ತಲೆ ಕೆಡಿಸಿಕೊಳ್ಳುತ್ತೇವೆ. ಹೊರದೇಶದವರನ್ನು ನಿಜವಾಗಿ ದಾರಿ ತಪ್ಪಿಸುವುದು ಕನ್ನಡದ ಪದಗಳ ಬಾಲದಲ್ಲಿರುವ ಪುಟ್ಟ ಪ್ರತ್ಯಯಗಳು. ಅವುಗಳಿಗೆ ನಾವು ಇಂಗ್ಲಿಷಿನಲ್ಲಿ ಒಂದೊಂದು ಪದ ಗೊತ್ತುಮಾಡಿಕೊಂಡಿದ್ದೇವೆ. ಆ ಪದಕ್ಕೆ ಅಲ್ಲಿ ಅರ್ಥವೇ ಬೇರೆ.

ಮೊದಲು ‘ನಿನ್ನೆಯೇ’. ಈ ‘ಏ’ ಒತ್ತು ಕೊಡುತ್ತದೆ, ಅಷ್ಟೇ. ನೀವು ಕೇಳುವುದಕ್ಕೆ ಮುಂಚೆ, ನಿನ್ನೆಯೇ, ಕಳಿಸಿಯಾಗಿದೆ ಅನ್ನುವ ಹೆಮ್ಮೆ ಅದರಲ್ಲಿದೆ. ನಾವು ಅದನ್ನು ‘ಓನ್ಲಿ’ ಮಾಡುತ್ತೇವೆ. ಇಂಗ್ಲಿಷಿನಲ್ಲಿ ‘ಓನ್ಲಿ ಯೆಸ್ಟರ್ಡೇ’ ಅಂದರೆ ‘ನಿನ್ನೆಯಷ್ಟೇ, ಅದಕ್ಕಿಂತ ಮೊದಲಲ್ಲ’. ಬೇಗ ಮಾಡಿದೆ ಅಂತ ಹೇಳಹೊರಟವನು ತಡ ಮಾಡಿದೆ ಅಂತ ಒಪ್ಪಿಕೊಂಡ ಹಾಗಾಯಿತು. ಅರ್ಥ ಪೂರ್ತಿ ತಿರುಗುಮುರುಗು! ಅಲ್ಲಿ ಬೇಕಾಗಿದ್ದ ಪದ ‘ಆಲ್ರೆಡಿ’. ಅದೂ ಬೇಡವಾದರೆ ಸುಮ್ಮನೆ ‘ಸೋಮವಾರ ಸಂಜೆ 6ಕ್ಕೆ ಕಳಿಸಿದೆ’ ಅಂತ ಬರೆದರೆ ಸಾಕು, ಒತ್ತಿನ ಕೆಲಸವನ್ನು ಸಮಯವೇ ಮಾಡುತ್ತದೆ.

ಆಮೇಲೆ ‘ಕಳಿಸಿದ್ದೆ’. ಕನ್ನಡದಲ್ಲಿ ಕಳಿಸಿದೆ, ಕಳಿಸಿದ್ದೇನೆ, ಕಳಿಸಿದ್ದೆ ಅಂತ ಮೂರು ರೂಪ ಇವೆ. ಶಾಲೆಯಲ್ಲಿ ಇವನ್ನು ‘ಸೆಂಟ್, ಹ್ಯಾವ್ ಸೆಂಟ್, ಹ್ಯಾಡ್ ಸೆಂಟ್’ಗೆ ಜೋಡಿಸಿ ಉರು ಹೊಡೆದಿದ್ದೇವೆ. ಆದರೆ ನಮ್ಮ ‘ಕಳಿಸಿದ್ದೆ’ ಒಂಟಿಯಾಗಿ ನಿಲ್ಲುತ್ತದೆ. ‘ಹೋದ ವರ್ಷ ಧರ್ಮಸ್ಥಳಕ್ಕೆ ಹೋಗಿದ್ದೆ’ ಅಂದರೆ ಅಲ್ಲಿಗೆ ಮಾತು ಮುಗಿಯಿತು. ಇಂಗ್ಲಿಷಿನ ‘ಹ್ಯಾಡ್ ಸೆಂಟ್’ ಹಾಗಲ್ಲ, ಅದಕ್ಕೆ ಪಕ್ಕದಲ್ಲಿ ಇನ್ನೊಂದು ಘಟನೆ ಬೇಕು: ನೀವು ಕೇಳುವಷ್ಟರಲ್ಲಿ ನಾನು ಕಳಿಸಿಯಾಗಿತ್ತು, ಅನ್ನುವ ಹಾಗೆ. ಆ ಇನ್ನೊಂದು ಘಟನೆ ಕಾಣದಿದ್ದಾಗ ಓದುವವರು ಅದನ್ನು ತಾವೇ ಊಹಿಸಿಕೊಳ್ಳುತ್ತಾರೆ. ‘ಕಳಿಸಿದ್ದರು, ಆಮೇಲೆ ಏನೋ ಆಗಿದೆ, ವಾಪಸ್ ತೆಗೆದುಕೊಂಡಿರಬೇಕು.’ ಸಿಯಾಟಲ್‌ನವರ ಪ್ರಶ್ನೆ ಹುಟ್ಟಿದ್ದು ಇಲ್ಲಿ. ‘ನಿನ್ನೆ’, ‘ಸೋಮವಾರ’ ಅಂತ ದಿನ ಹೇಳಿದ ಮೇಲೆ ಬರೀ ‘ಸೆಂಟ್’ ಸಾಕು. ‘ಹ್ಯಾವ್ ಸೆಂಟ್ ಯೆಸ್ಟರ್ಡೇ’ ಕೂಡ ಸಲ್ಲದು.

ನನಗೆ ತುಂಬ ಕುತೂಹಲ ಹುಟ್ಟಿಸಿದ್ದು ಎರಡನೇ ವಾಕ್ಯದ ‘ಅಂತೆ’. ಎಷ್ಟು ಚೆಂದದ ಪ್ರತ್ಯಯ ಅದು! ‘ಮಳೆ ಬಂತಂತೆ’ ಅಂದರೆ ನಾನು ನೋಡಿಲ್ಲ, ಯಾರೋ ಹೇಳಿದರು, ನನ್ನ ಮೇಲೆ ಜವಾಬ್ದಾರಿ ಇಲ್ಲ, ಹೇಳಿದವರ ಹೆಸರನ್ನೂ ಎಳೆದು ತರುವುದಿಲ್ಲ. ಇಷ್ಟೂ ಒಂದು ಚಿಕ್ಕ ‘ಅಂತೆ’ಯಲ್ಲಿದೆ. ತಮಿಳಿನಲ್ಲೂ ತೆಲುಗಿನಲ್ಲೂ ಇಂಥದ್ದೇ ಪ್ರತ್ಯಯಗಳಿವೆ. ಹಾಗಾಗಿ ಬೆಂಗಳೂರಿನ ಆಫೀಸಿನಲ್ಲಿ ‘ಇಟ್ ಸೀಮ್ಸ್’ ಅಂದರೆ ಅಕ್ಕಪಕ್ಕ ಕೂತ ಮದ್ರಾಸಿನವರಿಗೂ ಹೈದರಾಬಾದಿನವರಿಗೂ ತಕ್ಷಣ ಗೊತ್ತಾಗುತ್ತದೆ. ಹೀಗೆ ನಮ್ಮನ್ನು ತಿದ್ದುವವರೇ ಇಲ್ಲವಾಗಿ, ಹತ್ತು ವರ್ಷ ಕೆಲಸ ಮಾಡಿದ ಮೇಲೂ ಅದೇ ಸರಿ ಅಂದುಕೊಂಡಿರುತ್ತೇವೆ.

ಅಮೆರಿಕದವರಿಗೆ ‘ಇಟ್ ಸೀಮ್ಸ್’ ಅಂದರೆ ‘ನೋಡಿದರೆ ನನಗೆ ಹಾಗನ್ನಿಸುತ್ತದೆ’. ಬರೆದವನದೇ ಊಹೆ, ಇನ್ನೂ ಖಾತ್ರಿಯಿಲ್ಲ. ನಿಜಕ್ಕೂ ನಡೆದದ್ದು ಬೇರೆ. ನಮ್ಮ ಸರ್ವರ್ ತಂಡ ಸೋಮವಾರ ರಾತ್ರಿ ಎರಡು ಗಂಟೆ ಕಾಲ ಸರ್ವರ್ ನಿಲ್ಲಿಸಿದ್ದಾಗಿ ಹುಡುಗನಿಗೆ ಖುದ್ದಾಗಿ ತಿಳಿಸಿತ್ತು. ಅಷ್ಟು ಗಟ್ಟಿಯಾದ ಮಾಹಿತಿ ಬರಹದಲ್ಲಿ ಹಾರಿಕೆಯ ಉತ್ತರವಾಯಿತು. ಇಂಗ್ಲಿಷಿನಲ್ಲಿ ‘ಅಂತೆ’ಯನ್ನು ಉಳಿಸಿಕೊಳ್ಳಬೇಕಾದರೆ ಯಾರು ಹೇಳಿದರು ಅನ್ನುವುದನ್ನು ಬರೆಯಲೇಬೇಕು. ಹೆಸರು ಹೇಳಿದರೆ ಆ ಮನುಷ್ಯನನ್ನು ಸಿಕ್ಕಿಹಾಕಿಸಿದ ಹಾಗೆ ಅನ್ನುವ ನಮ್ಮ ಸಂಕೋಚ ನನಗೆ ಅರ್ಥವಾಗುತ್ತದೆ, ಅದು ಒಳ್ಳೆಯ ಸಂಕೋಚವೇ. ಅದಕ್ಕೆ ವ್ಯಕ್ತಿಯ ಬದಲು ತಂಡದ ಹೆಸರು ಬರೆದರಾಯಿತು: ‘ದಿ ಸರ್ವರ್ ಟೀಮ್ ಟೋಲ್ಡ್ ಮಿ’. ಯಾರಿಗೂ ನೋವಿಲ್ಲ, ಮಾಹಿತಿಯ ತೂಕವೂ ಉಳಿಯುತ್ತದೆ.

‘ಡೌಟ್’ ವಿಚಾರ ಬಹಳ ಜನಕ್ಕೆ ಗೊತ್ತಿರಬಹುದು, ಆದರೂ ಅವತ್ತು ದೊಡ್ಡ ಹಾನಿ ಮಾಡಿದ್ದು ಅದೇ. ನಮಗೆ ಡೌಟ್ ಅಂದರೆ ಕೇಳಬೇಕಾದ ಪ್ರಶ್ನೆ. ಕ್ಲಾಸಿನಲ್ಲಿ ಕೈ ಎತ್ತಿ ‘ಸರ್, ಒಂದು ಡೌಟು’ ಅಂದವರಲ್ಲವೇ ನಾವು. ಅವರಿಗೆ ಡೌಟ್ ಅಂದರೆ ಅಪನಂಬಿಕೆ. ಹುಡುಗನಿಗಿದ್ದ ಪ್ರಶ್ನೆ ಇಷ್ಟೇ: ತೆರಿಗೆ ಮೊತ್ತವನ್ನು ದಶಮಾಂಶದ ನಂತರ ಎರಡು ಅಂಕಿಗೆ ನಿಲ್ಲಿಸಬೇಕಾ, ಇದ್ದ ಹಾಗೇ ಬಿಡಬೇಕಾ. ಲೆಕ್ಕ ತಪ್ಪಿರಬಹುದು ಅಂತ ಓದಿದವರು ಪಾವತಿ ನಿಲ್ಲಿಸಿದ್ದರಲ್ಲಿ ಅವರ ತಪ್ಪೇನೂ ಇಲ್ಲ, ಆ ಜಾಗದಲ್ಲಿ ನಾನಿದ್ದರೂ ನಿಲ್ಲಿಸುತ್ತಿದ್ದೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಬುಧವಾರ ಅವರು ಇನ್ನೂ ಒಂದು ಮಾತು ಕೇಳಿದ್ದರು: ‘ಯು ಹ್ಯಾವಂಟ್ ಚೇಂಜ್ಡ್ ದಿ ಟ್ಯಾಕ್ಸ್ ಕಾಲಮ್ ಯೆಟ್?’ ನಾನು ನೋಡುವಷ್ಟರಲ್ಲಿ ಹುಡುಗ ‘ಯೆಸ್’ ಅಂತ ಕಳಿಸಿಬಿಟ್ಟಿದ್ದ. ಅವನ ತಲೆಯಲ್ಲಿ ಓಡಿದ್ದು ‘ಹೌದು, ಬದಲಾಯಿಸಿಲ್ಲ’. ‘ಊಟ ಆಗಿಲ್ವಾ?’ ಅಂತ ಅಮ್ಮ ಕೇಳಿದರೆ ‘ಹ್ಞೂಂ, ಆಗಿಲ್ಲ’ ಅನ್ನುತ್ತೇವಲ್ಲ, ಹಾಗೆ. ನಮ್ಮ ‘ಹೌದು’ ಕೇಳಿದವರ ಮಾತನ್ನು ಒಪ್ಪುತ್ತದೆ. ಇಂಗ್ಲಿಷಿನ ‘ಯೆಸ್’ ನಡೆದ ಸಂಗತಿಯನ್ನು ಹಿಡಿಯುತ್ತದೆ, ಅಂದರೆ ‘ಬದಲಾಯಿಸಿದ್ದೇನೆ’. ಗುರುವಾರ ಬೆಳಿಗ್ಗೆ ‘ಹಾಗಾದರೆ ಬದಲಾಯಿಸಿದ ಫೈಲ್ ಕಳಿಸಿ’ ಅಂತ ಮೇಲ್ ಬಂದಿತ್ತು. ಅಂಥ ಫೈಲೇ ಇರಲಿಲ್ಲ.

ಎದುರಾಎದುರು ಕೂತಿದ್ದರೆ ಇಂಥ ಗೊಂದಲ ಅರ್ಧ ನಿಮಿಷದಲ್ಲಿ ಬಗೆಹರಿಯುತ್ತದೆ. ಆದರೆ ಬೇಸಿಗೆಯಲ್ಲಿ ಸಿಯಾಟಲ್ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಇಲ್ಲಿ ಸಂಜೆ 6 ಆದಾಗ ಅಲ್ಲಿ ಬೆಳಗಿನ ಜಾವ 5.30. ಅವರು ಓದಿ ಪ್ರಶ್ನೆ ಕೇಳುವ ಹೊತ್ತಿಗೆ ನಾವು ಮನೆ ಸೇರಿರುತ್ತೇವೆ, ನಾವು ಉತ್ತರಿಸುವ ಹೊತ್ತಿಗೆ ಅವರು ಮನೆಯಲ್ಲಿರುತ್ತಾರೆ. ಒಂದು ತಪ್ಪು ಪದಕ್ಕೆ ಒಂದು ಪೂರ್ತಿ ದಿನ. ಆ ಒಂದು ‘ಯೆಸ್’ ಗುರುವಾರವನ್ನು ತಿಂದಿತು. ನೆಗೆಟಿವ್ ಪ್ರಶ್ನೆ ಬಂದರೆ ಯೆಸ್, ನೋ ಎರಡೂ ಬೇಡ ಅಂತ ಈಗ ತಂಡದಲ್ಲಿ ಮಾತಾಡಿಕೊಂಡಿದ್ದೇವೆ. ಪೂರ್ತಿ ವಾಕ್ಯ ಬರೆಯುವುದು: ‘ಐ ಹ್ಯಾವ್ ನಾಟ್ ಚೇಂಜ್ಡ್ ಇಟ್.’

“ನಮ್ಮ ಇಂಗ್ಲಿಷ್ ನಮ್ಮದು, ಬೇಕಿದ್ದರೆ ಅವರೇ ಕಲಿಯಲಿ” ಅಂತ ಗೆಳೆಯರೊಬ್ಬರು ವಾದ ಮಾಡಿದರು. ಅರ್ಧ ಒಪ್ಪುತ್ತೇನೆ. ಬೆಂಗಳೂರಿನಲ್ಲಿ ನಮ್ಮ ನಮ್ಮಲ್ಲಿ ‘ಟುಡೇ ಓನ್ಲಿ’, ‘ಇಟ್ ಸೀಮ್ಸ್’ ಅನ್ನುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಅದು ಇಲ್ಲಿ ಬೆಳೆದ ಭಾಷೆ, ಕೆಲಸ ಸಾಗುತ್ತದೆ. ಓದುವವರು ಅದನ್ನು ಕೇಳಿಯೇ ಇಲ್ಲದ ಊರಿನಲ್ಲಿರುವಾಗ ಮಾತ್ರ ನನ್ನ ತಕರಾರು. ‘ಕೈಂಡ್ಲಿ’, ‘ಡೂ ದಿ ನೀಡ್‌ಫುಲ್’ ಬಗ್ಗೆ ಜನ ಸಿಕ್ಕಾಪಟ್ಟೆ ನಗುತ್ತಾರಲ್ಲ, ಅವು ಹಳೆಯದಾಗಿ ಕೇಳಿಸುತ್ತವೆ, ಆದರೆ ವಿಷಯ ತಲುಪುತ್ತದೆ. ‘ಓನ್ಲಿ’ ಮತ್ತು ‘ಹ್ಯಾಡ್’ ಅದಕ್ಕಿಂತ ಅಪಾಯ. ವಾಕ್ಯ ಶುದ್ಧವಾಗಿಯೇ ಕಾಣುವುದರಿಂದ ತಪ್ಪು ತಿಳಿದುಕೊಂಡದ್ದು ಎರಡೂ ಕಡೆಯವರಿಗೆ ಗೊತ್ತೇ ಆಗುವುದಿಲ್ಲ.

ಈಗ ಹುಡುಗ ಮೇಲ್ ಬರೆದು ಕಳಿಸುವ ಮುಂಚೆ ತಾನೇ ಪ್ರಶ್ನೆ ಹಾಕಿಕೊಳ್ಳುತ್ತಾನೆ. ‘ಹ್ಯಾಡ್’ ಕಂಡರೆ, ಯಾವುದಕ್ಕಿಂತ ಮೊದಲು? ‘ಇಟ್ ಸೀಮ್ಸ್’ ಕಂಡರೆ, ಯಾರು ಹೇಳಿದ್ದು? ‘ಓನ್ಲಿ’ ಕಂಡರೆ ಅದನ್ನು ತೆಗೆದು ಗಂಟೆ ಬರೆಯುತ್ತಾನೆ. ‘ಡೌಟ್’ ಇದ್ದರೆ ಆ ಪದ ಅಳಿಸಿ ಪ್ರಶ್ನೆಯನ್ನೇ ಕೇಳುತ್ತಾನೆ. ಇಷ್ಟಕ್ಕೆ ಎರಡು ನಿಮಿಷ ಹಿಡಿಯುತ್ತದೆ. ಅವನ ಅದೇ ಮೇಲನ್ನು ನಾವು ಗುರುವಾರ ಹೀಗೆ ತಿದ್ದಿ ಬರೆದೆವು:

‘ಐ ಸೆಂಟ್ ದಿ ಫೈಲ್ ಆನ್ ಮಂಡೇ ಅಟ್ 6 ಪಿಎಂ ಇಂಡಿಯಾ ಟೈಮ್. ದಿ ಸರ್ವರ್ ಟೀಮ್ ಟೋಲ್ಡ್ ಮಿ ದಿ ಸರ್ವರ್ ವಾಸ್ ಡೌನ್ ಫಾರ್ ಟೂ ಅವರ್ಸ್ ದಟ್ ನೈಟ್. ದಿ ಟ್ಯಾಕ್ಸ್ ಅಮೌಂಟ್ಸ್ ಆರ್ ಕರೆಕ್ಟ್ ಅಂಡ್ ಐ ಹ್ಯಾವ್ ನಾಟ್ ಚೇಂಜ್ಡ್ ದೆಮ್. ಒನ್ ಕ್ವೆಶ್ಚನ್: ಶುಡ್ ಐ ರೌಂಡ್ ದೆಮ್ ಟು ಟೂ ಡೆಸಿಮಲ್ಸ್?’

ಶುಕ್ರವಾರ ಬೆಳಿಗ್ಗೆ ಉತ್ತರ ಬಂದಿತ್ತು. ಎರಡು ಅಂಕಿಗೆ ನಿಲ್ಲಿಸಿ, ಪಾವತಿ ಬಿಡುಗಡೆ ಮಾಡುತ್ತಿದ್ದೇವೆ ಅಂತ.