ಬಾಗಿಲು ಮುಚ್ಚಲು ಬಾಡಿಗೆ ಕಟ್ಟಿ

ನಾನು ಬ್ಲಾಗ್ ಶುರು ಮಾಡಿದ ದಿನ ಹೆಸರು ಹುಡುಕಲು ಎರಡು ಗಂಟೆ ಹಿಡಿಯಿತು. ಮೇಲಿನ ಪಟ್ಟಿಗೆ ಬಣ್ಣ ಆರಿಸಲು ಇನ್ನೊಂದು ಗಂಟೆ. ಉಳಿದ ಕೆಲಸವೆಲ್ಲ ಐದೇ ನಿಮಿಷ. ಮುಚ್ಚಲು ಹಿಡಿದದ್ದು ಹನ್ನೊಂದು ತಿಂಗಳು. ಅದೂ ಪೂರ್ತಿ ಮುಚ್ಚಿದೆ ಅಂತ ಎದೆ ತಟ್ಟಿ ಹೇಳಲಾರೆ.

ಒಟ್ಟು ನಲವತ್ತೊಂದು ಬರಹ. ಕೊನೆಯದರ ಶೀರ್ಷಿಕೆ ‘ತಡವಾದದ್ದಕ್ಕೆ ಕ್ಷಮಿಸಿ, ಇನ್ನು ವಾರಕ್ಕೊಂದು ಖಂಡಿತ’. ಅದಾಗಿ ಒಂಬತ್ತು ವರ್ಷ. ಹಾಗೇ ಬಿಟ್ಟಿದ್ದರೆ ಯಾರಿಗೂ ನಷ್ಟ ಇರಲಿಲ್ಲ. ಆದರೆ ಹಳೆಯ ಬರಹವೊಂದರಲ್ಲಿ ‘ಅಭಿಪ್ರಾಯ ತಿಳಿಸಲು ಕರೆ ಮಾಡಿ’ ಅಂತ ನನ್ನ ಫೋನ್ ನಂಬರ್ ಹಾಕಿದ್ದೆ. ಅಭಿಪ್ರಾಯ ಹೇಳಲು ಒಬ್ಬರೂ ಕರೆ ಮಾಡಲಿಲ್ಲ. ಸಾಲ ಬೇಕಾ ಅಂತ ಕೇಳುವವರು ಮಾತ್ರ ಈಗಲೂ ಮಾಡುತ್ತಾರೆ. ಸರಿ, ಮುಚ್ಚಿಬಿಡೋಣ ಅಂದುಕೊಂಡೆ.

ಮೊದಲು ಬ್ಲಾಗ್ ಇಡಲು ಬಾಡಿಗೆಗೆ ಜಾಗ ಕೊಡುವ ಹೋಸ್ಟಿಂಗ್ ಕಂಪನಿಯ ತಾಣಕ್ಕೆ ಹೋದೆ. ಅಲ್ಲಿ ‘ಖರೀದಿಸಿ’ ಅನ್ನುವ ಬಟನ್ ಅಂಗೈ ಅಗಲ ಇತ್ತು. ‘ರದ್ದುಮಾಡಿ’ ಅನ್ನುವುದು ನಾಲ್ಕು ಪುಟದ ಒಳಗೆ, ಬಿಳಿ ಹಿನ್ನೆಲೆಯ ಮೇಲೆ ತಿಳಿ ಬೂದು ಬಣ್ಣದಲ್ಲಿ, ಸಾಲ ಮಾಡಿದವನ ಹಾಗೆ ಅವಿತು ಕೂತಿತ್ತು. ಒತ್ತಿದರೆ ಚಾಟ್ ಕಿಟಕಿ ತೆರೆಯಿತು.

“ಯಾಕೆ ಸರ್ ಮುಚ್ಚುತ್ತಿದ್ದೀರಿ? ಎಂಥ ಒಳ್ಳೆ ಬ್ಲಾಗ್!”

“ನೀವು ಓದಿದ್ದೀರಾ?”

“ಓದಿಲ್ಲ ಸರ್. ಆದರೆ ಅರ್ಧ ದರಕ್ಕೆ ಇನ್ನೂ ಮೂರು ವರ್ಷ ಕೊಡುತ್ತೇವೆ.”

ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅನ್ನುತ್ತಾರಲ್ಲ, ಹಾಗೆ. ಒಂಬತ್ತು ವರ್ಷ ಯಾರೂ ಹೊಗಳದ ಬ್ಲಾಗನ್ನು ಸಾಯುವ ಹೊತ್ತಿಗೆ ಒಬ್ಬರಾದರೂ ಹೊಗಳಿದರು. ಆದರೂ ಮನಸ್ಸು ಗಟ್ಟಿ ಮಾಡಿ ರದ್ದುಮಾಡಿಸಿದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ‘ತಾನಾಗೇ ನವೀಕರಣ’ ಅನ್ನುವುದನ್ನು ಮಾತ್ರ ನಿಲ್ಲಿಸಿದರೆ ಪ್ಲಾನ್ ಅವಧಿ ಮುಗಿಯುವವರೆಗೂ ತಾಣ ಹಾಗೇ ನಡೆಯುತ್ತಿರುತ್ತದೆ. ‘ಸೇವೆ ರದ್ದು’ ಒತ್ತಿದರೆ ಎಲ್ಲವೂ ಒಟ್ಟಿಗೆ ಹೋಗುತ್ತದೆ. ನಾನು ಶೂರನ ಹಾಗೆ ಎರಡನೆಯದನ್ನು ಒತ್ತಿದೆ. ಬರಹಗಳ ಪ್ರತಿ ಮೊದಲೇ ಇಳಿಸಿಕೊಂಡಿದ್ದೆ, ಅಷ್ಟು ಬುದ್ಧಿ ಇತ್ತು. ಇಮೇಲ್ ನೆನಪಾಗಲಿಲ್ಲ.

ಆಗಿದ್ದು ಇಷ್ಟು. ಬ್ಲಾಗ್ ಹೆಸರಲ್ಲೇ ಒಂದು ಇಮೇಲ್ ಇಟ್ಟುಕೊಂಡಿದ್ದೆ. ಆಗ ಅದೊಂದು ಗತ್ತು. ಆ ಪೆಟ್ಟಿಗೆ ಇದ್ದದ್ದು ಇದೇ ಹೋಸ್ಟಿಂಗ್ ಸರ್ವರಿನಲ್ಲಿ. ಬ್ಲಾಗ್ ಜೊತೆ ಅದೂ ಹೋಯಿತು. ಡೊಮೇನ್ ಹೆಸರು, ಅಂದರೆ ಜಾಲದಲ್ಲಿ ಬ್ಲಾಗಿನ ವಿಳಾಸ, ಮಾತ್ರ ಬೇರೆ ಕಂಪನಿಯಲ್ಲಿತ್ತು. ಅದನ್ನೂ ಒಂದು ಕೈ ನೋಡೋಣ ಅಂತ ಹೋದರೆ ‘ನಿಮ್ಮ ಇಮೇಲಿಗೆ ಆರು ಅಂಕಿಯ ಕೋಡ್ ಕಳಿಸಿದ್ದೇವೆ’ ಅಂತ ಬಂತು. ಯಾವ ಇಮೇಲಿಗೆ? ನಾನು ಈಗಷ್ಟೇ ಕೊಂದ ಇಮೇಲಿಗೆ.

ಸಹಾಯವಾಣಿಗೆ ಬರೆದೆ. “ಸರ್, ಇಮೇಲ್ ಬದಲಿಸಿಕೊಳ್ಳಿ” ಅಂದರು. ಬದಲಿಸಲು ಹೋದೆ. ಅದಕ್ಕೂ ಕೋಡ್. ಅದೂ ಅದೇ ಇಮೇಲಿಗೆ. ಕೊನೆಗೆ ಏನು ಮಾಡಿದೆ ಗೊತ್ತಾ? ರದ್ದುಮಾಡಿದ ಹೋಸ್ಟಿಂಗನ್ನು ಒಂದು ತಿಂಗಳಿಗೆ ಮತ್ತೆ ಕೊಂಡೆ. ಅದೇ ಹೆಸರಿನ ಇಮೇಲ್ ಪೆಟ್ಟಿಗೆ ಮತ್ತೆ ಕಟ್ಟಿಸಿದೆ. ಕೋಡ್ ಬಂತು. ಆರು ಅಂಕಿಗೆ ಒಂದು ತಿಂಗಳ ಬಾಡಿಗೆ. ಅರ್ಧ ದರದ ಆಸೆ ತೋರಿಸಿದ್ದರಲ್ಲ, ಅದು ಈಗ ಇರಲಿಲ್ಲ. ಅದು ಬಿಟ್ಟು ಹೋಗುವವರಿಗೆ ಮಾತ್ರವಂತೆ, ವಾಪಸು ಬರುವವರಿಗಲ್ಲ.

ಕೋಡ್ ಹಾಕಿ ಒಳಗೆ ಹೋದೆ. ಡೊಮೇನನ್ನು ನವೀಕರಿಸದೆ ಬಿಟ್ಟರಾಯಿತು, ತಾನಾಗೇ ಸಾಯುತ್ತದೆ ಅಂತ ನನ್ನ ಲೆಕ್ಕ. ಆದರೆ ಡೊಮೇನ್ ಸಾಯುವ ಪದ್ಧತಿ ಬೇರೆ. ‘.com’ ಹೆಸರಿನ ಅವಧಿ ಮಾರ್ಚ್ 10ಕ್ಕೆ ಮುಗಿಯಿತು ಅನ್ನಿ. ಅಲ್ಲಿಂದ 45 ದಿನದವರೆಗೆ, ಅಂದರೆ ಏಪ್ರಿಲ್ 24ರವರೆಗೆ, ಕಂಪನಿ ಅದನ್ನು ಹಿಡಿದಿಟ್ಟುಕೊಳ್ಳಬಹುದು. ಈ ಸಮಯದಲ್ಲೇ ಎಷ್ಟೋ ಸಲ ನಿಮ್ಮ ಬ್ಲಾಗ್ ಇದ್ದ ಜಾಗದಲ್ಲಿ ಜಾಹೀರಾತು ಬರುತ್ತದೆ. ಆಮೇಲೆ 30 ದಿನ ಬಿಡಿಸಿಕೊಳ್ಳುವ ಗಡುವು. ಮನಸ್ಸು ಬದಲಾದರೆ ನವೀಕರಣದ ದುಡ್ಡಿನ ಮೇಲೆ ದಂಡವನ್ನೂ ತೆತ್ತು ಬಿಡಿಸಿಕೊಳ್ಳಬೇಕು. ಅಲ್ಲಿಗೆ ಮೇ 24. ಕೊನೆಗೆ 5 ದಿನ ಯಾರೂ ಮುಟ್ಟುವಂತಿಲ್ಲ. ಮೇ 29ಕ್ಕೆ ಹೆಸರು ಬೀದಿಗೆ ಬೀಳುತ್ತದೆ. ಬೀಳುತ್ತದೆ ಅನ್ನುವುದೂ ತಪ್ಪೇ. ನೆಲ ಮುಟ್ಟುವ ಮೊದಲೇ ಹಿಡಿಯಲು ಕಾದಿರುವ ಕಂಪನಿಗಳಿವೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿಯುತ್ತವೆ.

ನನ್ನ ಬ್ಲಾಗ್ ಹೆಸರು ಯಾರಿಗೆ ಬೇಕು ಅಂತ ನಾನೂ ನಕ್ಕಿದ್ದೆ. ಗೆಳೆಯನೊಬ್ಬ ತನ್ನದನ್ನು ತೋರಿಸಿದ ಮೇಲೆ ನಗು ನಿಂತಿತು. ಅವನು ತೋಟಗಾರಿಕೆ ಬಗ್ಗೆ ಬರೆಯುತ್ತಿದ್ದ. ಹೆಸರನ್ನು ಸುಮ್ನೆ ಬಿಟ್ಟುಬಿಟ್ಟ. ಆರು ತಿಂಗಳಾದ ಮೇಲೆ ನೋಡಿದರೆ ಬ್ಲಾಗ್ ಹಾಗೇ ಇದೆ! ಅದೇ ಬರಹಗಳು, ಅವನದೇ ಫೋಟೋ. ಯಾರೋ ಹಳೆಯ ಪ್ರತಿಗಳಿಂದ ಪೂರ್ತಿ ಎತ್ತಿ ನಿಲ್ಲಿಸಿದ್ದರು. ಒಂದೇ ಬದಲಾವಣೆ: ‘ಗುಲಾಬಿ ಗಿಡಕ್ಕೆ ಗೊಬ್ಬರ’ ಅನ್ನುವ ಬರಹದ ನಡುವೆ ಆನ್‌ಲೈನ್ ಜೂಜಿನ ಕೊಂಡಿ. ಬೇರೆ ತಾಣಗಳು ವರ್ಷಗಟ್ಟಲೆ ಅವನ ಪುಟಗಳಿಗೆ ಕೊಟ್ಟ ಕೊಂಡಿಗಳಿಗೆ ಹುಡುಕಾಟದ ಯಂತ್ರಗಳಲ್ಲಿ ಬೆಲೆ ಇದೆ. ಕೊಂಡವರಿಗೆ ಬೇಕಾದದ್ದು ಅದು, ಗುಲಾಬಿ ಅಲ್ಲ.

ಜೂಜಾದರೂ ಕಣ್ಣಿಗೆ ಕಾಣುತ್ತದೆ. ಕಾಣದ ಅಪಾಯ ಇಮೇಲಿನದು. ಹೆಸರು ಕೊಂಡವನು ಆ ಹೆಸರಿನ ಯಾವ ಇಮೇಲ್ ಪೆಟ್ಟಿಗೆಯನ್ನಾದರೂ ಮತ್ತೆ ಹುಟ್ಟಿಸಬಹುದು. ನಾನು ಆರು ಅಂಕಿಗಾಗಿ ಮಾಡಿದ್ದು ಅದನ್ನೇ ಅಲ್ವಾ? ಆ ವಿಳಾಸ ಕೊಟ್ಟು ತೆರೆದ ಖಾತೆಗಳೆಲ್ಲ ‘ಪಾಸ್‌ವರ್ಡ್ ಮರೆತಿರಾ?’ ಅಂತ ಒತ್ತಿದವನ ಪಾಲು. ನಾನು ಹುಡುಕಿ ನೋಡಿದೆ. ಹದಿನೇಳು ಖಾತೆ ಸಿಕ್ಕವು. ಮೂರರ ಹೆಸರೇ ಮರೆತಿತ್ತು. ಒಂದೊಂದಾಗಿ ಇಮೇಲ್ ಬದಲಿಸಿದೆ, ಬೇಡವಾದದ್ದನ್ನು ಅಳಿಸಿದೆ. ಅಷ್ಟರಲ್ಲಿ ಹೋಸ್ಟಿಂಗಿನ ತಿಂಗಳು ಮುಗಿಯಿತು. ಇನ್ನೊಂದು ತಿಂಗಳು ಕೊಂಡೆ.

ಹೀಗೆ ಡೊಮೇನನ್ನು ಬಿಡಲೆಂದು ಹೋದವನು ಮುಂದಿನ ಎರಡು ವರ್ಷಕ್ಕೆ ನವೀಕರಿಸಿ ಬಂದೆ. ಮನೆ ಖಾಲಿ ಮಾಡಿದ ಮೇಲೆ ಕಳ್ಳ ಬಂದು ಕೂರಬಾರದೆಂದು ಖಾಲಿ ಮನೆಗೆ ಬಾಡಿಗೆ.

ಇಷ್ಟಾದ ಮೇಲೂ ಗೂಗಲ್‌ನಲ್ಲಿ ನನ್ನ ಬರಹಗಳು ಕಾಣುತ್ತಲೇ ಇದ್ದವು. ಪುಟಗಳನ್ನು ಓದಿ ಪಟ್ಟಿಗೆ ಸೇರಿಸುವ ಬಾಟ್‌ಗಳು ಬರುವುದರಿಂದ ತಾನೇ ಕಾಣುವುದು, ಬರದ ಹಾಗೆ ಮಾಡೋಣ ಅಂತ ಅವುಗಳಿಗೆಂದೇ ಇರುವ robots.txt ಕಡತದಲ್ಲಿ ಎರಡು ಸಾಲು ಹಾಕಿದೆ:

```
User-agent: *
Disallow: /
```

ಯಾರಿಗೂ ಪ್ರವೇಶ ಇಲ್ಲ ಅಂತ ಇದರರ್ಥ. ಗೂಗಲ್ ಬಾಟ್ ಸಭ್ಯಸ್ಥ. ಬೋರ್ಡ್ ನೋಡಿ ಬಾಗಿಲಲ್ಲೇ ನಿಂತಿತು. ಒಳಗೆ ಬರಲೇ ಇಲ್ಲ. ಒಳಗೆ ಬರದ ಕಾರಣ ಪುಟಗಳು ಹೋಗಿವೆ ಅನ್ನುವುದು ಅದಕ್ಕೆ ತಿಳಿಯಲೂ ಇಲ್ಲ. ತಿಳಿಯದ ಕಾರಣ ಪಟ್ಟಿಯಿಂದ ತೆಗೆಯಲೂ ಇಲ್ಲ. ಎರಡು ತಿಂಗಳಾದರೂ ಶೀರ್ಷಿಕೆಗಳು ಹಾಗೇ ಇದ್ದವು. ಕೆಳಗೆ ಈ ಪುಟದ ಬಗ್ಗೆ ಮಾಹಿತಿ ಲಭ್ಯವಿಲ್ಲ ಅನ್ನುವ ಒಂದು ಸಾಲು ಹೊಸದಾಗಿ ಸೇರಿತ್ತು. ಅದು ಇನ್ನೂ ಕುತೂಹಲ ಹುಟ್ಟಿಸುವ ಹಾಗಿತ್ತು.

ತಿಳಿದವರೊಬ್ಬರು ನಕ್ಕು ಹೇಳಿದರು: “ಅದನ್ನು ತೆಗೆಯಿರಿ. ಬಾಟ್‌ಗಳನ್ನು ಒಳಗೆ ಬಿಡಿ. ಬಂದವರಿಗೆ 410 ಹೇಳಿ.” ಪುಟ ಕೇಳಿದವರಿಗೆ ಸರ್ವರ್ ಕೊಡುವ ಉತ್ತರಕ್ಕೊಂದು ಸಂಖ್ಯೆ ಇರುತ್ತದೆ. 404 ಅಂದರೆ ‘ಸಿಗಲಿಲ್ಲ’. ಇವತ್ತಿಲ್ಲ, ನಾಳೆ ಇದ್ದರೂ ಇರಬಹುದು. 410 ಅಂದರೆ ‘ಹೋಯಿತು, ಮತ್ತೆ ಬರುವುದಿಲ್ಲ’. ಕೊನೆಗೆ ಎರಡರಲ್ಲೂ ಪುಟ ಪಟ್ಟಿಯಿಂದ ಹೋಗುತ್ತದೆ, 410 ಆದರೆ ಸ್ವಲ್ಪ ಬೇಗ. ಅಪಾಚೆ ಸರ್ವರಿನಲ್ಲಿ .htaccess ಕಡತಕ್ಕೆ ಒಂದೇ ಸಾಲು ಸಾಕು:

```
Redirect gone /
```

ಆದರೆ ‘ನಾನು ಇಲ್ಲ’ ಅಂತ ಹೇಳಲು ಯಾರಾದರೂ ಇರಬೇಕಲ್ಲ! ಸರ್ವರ್ ನಡೆಯುತ್ತಿದ್ದರೆ ತಾನೇ 410 ಹೇಳುವುದು. ಸರ್ವರನ್ನೇ ನಿಲ್ಲಿಸಿದರೆ ಬಾಟ್‌ಗೆ ಉತ್ತರವೇ ಸಿಗುವುದಿಲ್ಲ. ಪಾಪ, ಏನೋ ತೊಂದರೆ ಇರಬೇಕು ಅಂದುಕೊಂಡು ಕೆಲಕಾಲ ಹಳೆಯದನ್ನೇ ಇಟ್ಟುಕೊಂಡು ಮತ್ತೆ ಮತ್ತೆ ಬಂದು ನೋಡುತ್ತದೆ. ಹಾಗಾಗಿ ಇರುವುದರಲ್ಲೇ ಸಣ್ಣ ಪ್ಲಾನ್ ತೆಗೆದುಕೊಂಡು, ದಿನದ ಇಪ್ಪತ್ತನಾಲ್ಕು ಗಂಟೆಯೂ ‘ಇಲ್ಲ’ ಅನ್ನುವ ಒಂದು ಕಡತ ಇಟ್ಟೆ. ಬ್ಲಾಗ್ ಬರೆಯುತ್ತಿದ್ದ ಕಾಲದಲ್ಲಿ ನಾನು ಇಷ್ಟು ನಿಯಮದಿಂದ ಓದುಗರಿಗೆ ಉತ್ತರ ಕೊಟ್ಟವನಲ್ಲ. ಗೂಗಲ್‌ನ ತೆಗೆದುಹಾಕುವ ಉಪಕರಣದಿಂದ ಫೋನ್ ನಂಬರಿನ ಪುಟವನ್ನು ತಕ್ಷಣ ಮರೆಮಾಡಿಸಿದೆ. ಅದೂ ಸುಮಾರು ಆರು ತಿಂಗಳಿಗೆ ಮಾತ್ರ. ಅಷ್ಟರೊಳಗೆ 410 ತನ್ನ ಕೆಲಸ ಮಾಡಿರಬೇಕು.

ಉಳಿದದ್ದು ಹಳೆಯ ಪ್ರತಿಗಳ ಕಥೆ. 2024ರಲ್ಲಿ ಗೂಗಲ್ ತನ್ನ ಫಲಿತಾಂಶದ ಪಕ್ಕದಲ್ಲಿದ್ದ, ಪುಟದ ಹಳೆಯ ಪ್ರತಿ ತೋರಿಸುವ ‘ಕ್ಯಾಶ್’ ಕೊಂಡಿಯನ್ನು ತೆಗೆಯಿತು. ಒಂದು ಕಾಟ ತಪ್ಪಿತು ಅನ್ನುವಷ್ಟರಲ್ಲಿ ಅದೇ ವರ್ಷ ವೇಬ್ಯಾಕ್ ಮೆಷಿನ್‌ಗೆ ದಾರಿ ತೋರಿಸಲು ಶುರು ಮಾಡಿತು. ಅದನ್ನು ನಡೆಸುವ ಇಂಟರ್ನೆಟ್ ಆರ್ಕೈವ್ ಅನ್ನುವ ಸಂಸ್ಥೆ 1996ರಿಂದ ಜಾಲದ ಪುಟಗಳನ್ನು ಕೂಡಿಡುತ್ತಿದೆ. ನನ್ನ ಬ್ಲಾಗನ್ನೂ ಇಪ್ಪತ್ತಾರು ಸಲ ಎತ್ತಿಟ್ಟಿತ್ತು. ನನ್ನ ಮನೆಯವರು ಅದನ್ನು ಅಷ್ಟು ಸಲ ತೆರೆದಿಲ್ಲ.

ಒಂದು ಕಾಲದಲ್ಲಿ robots.txtನಲ್ಲಿ ತಡೆ ಹಾಕಿದರೆ ವೇಬ್ಯಾಕ್ ಹಳೆಯ ಪ್ರತಿಗಳನ್ನೂ ಮರೆಮಾಡುತ್ತಿತ್ತು. ಅದರಿಂದ ಆದ ತಮಾಷೆ ನೋಡಿ. ಬಿಟ್ಟ ಹೆಸರನ್ನು ಯಾರೋ ಕೊಂಡು, ಜಾಹೀರಾತು ಪುಟ ನಿಲ್ಲಿಸಿ, ಆ ತಡೆ ಹಾಕಿದರೆ ಹಿಂದಿನವನ ಬರಹಗಳೂ ಮಾಯ! ಬಾಡಿಗೆಗೆ ಬಂದ ಹೊಸಬ ಬಾಗಿಲು ಹಾಕಿಕೊಂಡರೆ ಹಳಬನ ಫೋಟೋ ಆಲ್ಬಮ್ಮೂ ಒಳಗೇ. ಈ ಪದ್ಧತಿಯಿಂದ ದೂರ ಸರಿಯುತ್ತಿದ್ದೇವೆ ಅಂತ ಸಂಸ್ಥೆ 2017ರಲ್ಲಿ ಹೇಳಿತು. ಈಗ ಏನಾದರೂ ತೆಗೆಸಬೇಕಾದರೆ ಪುಟದ ವಿಳಾಸ ಕೊಟ್ಟು ಮೇಲ್ ಬರೆಯಬೇಕು. ತಾಣ ನನ್ನದೇ ಅಂತ ತೋರಿಸಲು ಸುಲಭದ ದಾರಿ ಆ ಹೆಸರಿನ ಇಮೇಲಿನಿಂದಲೇ ಬರೆಯುವುದು. ನೋಡಿದಿರಾ, ಮತ್ತೆ ಅದೇ ಪೆಟ್ಟಿಗೆ! ಈ ಸಲ ಅದು ಜೀವಂತ ಇತ್ತು.

ಫೋನ್ ನಂಬರಿನ ಒಂದು ಪುಟ ತೆಗೆಯಿರಿ ಅಂತ ಮಾತ್ರ ಬರೆದೆ. ಉಳಿದ ನಲವತ್ತು ಇರಲಿ ಬಿಡಿ. ‘ಇನ್ನು ವಾರಕ್ಕೊಂದು ಖಂಡಿತ’ ಕೂಡ ಇರಲಿ.

ಈಗ ತಾಣದಲ್ಲಿ ಏನೂ ಇಲ್ಲ. ಸರ್ವರ್ ದಾಖಲೆ ತೆರೆದು ನೋಡಿದರೆ ದಿನವೂ ಬಾಟ್‌ಗಳು ಬರುತ್ತವೆ. ‘ಇಲ್ಲ’ ಅನ್ನಿಸಿಕೊಂಡು ಹೋಗುತ್ತವೆ. ಬರೆಯುತ್ತಿದ್ದಾಗ ಇದ್ದದ್ದಕ್ಕಿಂತ ಈಗ ಓಡಾಟ ಜಾಸ್ತಿ. ಮೊನ್ನೆ ಡೊಮೇನ್ ಕಂಪನಿಯಿಂದ ಒಂದು ಮೇಲ್ ಬಂತು. ವಿಷಯದ ಸಾಲಿನಲ್ಲಿ ನನ್ನ ಬ್ಲಾಗ್ ಹೆಸರು, ಅದರ ಮುಂದೆ: ‘ನಿಮ್ಮ ಹೆಸರು ಖಾಲಿ ಬಿದ್ದಿದೆ! ಐದೇ ನಿಮಿಷದಲ್ಲಿ ಬ್ಲಾಗ್ ಶುರು ಮಾಡಿ.’